ಬೆಟಗೇರಿಯ ಮಗ್ಗ ನಿಲ್ಲಲಿಲ್ಲ, ಪೇಟೆ ಮಾತ್ರ ಕೈಬಿಟ್ಟಿತು: ಧಾರವಾಡ ಸೀಮೆಯ ಒಂದು ಪ್ರಕರಣ ಅಧ್ಯಯನ

ವಿಲಾಯತಿ ಗಿರಣಿ ಬಟ್ಟೆ ಬಂತು, ನಮ್ಮ ನೇಕಾರರು ಹಾಳಾದರು ಎಂದು ಒಂದೇ ವಾಕ್ಯದಲ್ಲಿ ಹೇಳುವುದು ರೂಢಿ. ಗದಗ–ಬೆಟಗೇರಿಯ ಓಣಿಗಳಲ್ಲಿ ನಿಂತು ನೋಡಿದರೆ ಈ ವಾಕ್ಯ ಅರ್ಧ ಮಾತ್ರ ನಿಜ. ಅಲ್ಲಿ ಮಗ್ಗಗಳು 20ನೇ ಶತಮಾನದಲ್ಲೂ ನಡೆದವು. ಸುತ್ತಲಿನ ಹಳ್ಳಿಗಳಲ್ಲಿ ಧೋತರ, ದಪ್ಪ ಕೋರಾ ಬಟ್ಟೆ ನೇಯುತ್ತಿದ್ದವರ ಮಗ್ಗಗಳು ಮಾತ್ರ ಒಂದೊಂದಾಗಿ ನಿಂತುಹೋದವು. ಅದಕ್ಕೂ ಮುಂಚೆ, ಯಾರ ಲೆಕ್ಕಕ್ಕೂ ಸಿಗದೆ, ಮನೆಮನೆಯ ರಾಟೆಗಳು ನಿಂತಿದ್ದವು. ಒಂದೇ ಸೀಮೆ, ಒಂದೇ ಸರಕಾರ, ಅದೇ ವಿಲಾಯತಿ ಬಟ್ಟೆ. ಆದರೂ ಪೇಟೆ ಒಮ್ಮೆಗೇ ಹೋಗಲಿಲ್ಲ, ಸರದಿಯ ಪ್ರಕಾರ ಹೋಯಿತು. ಆ ಸರದಿಯನ್ನು ಯಾವುದು ನಿರ್ಧರಿಸಿತು, ಕೊನೆಗೆ ಉಳಿದ ಸೀರೆಯ ಪೇಟೆ ನೇಕಾರನ ಕೈಯಲ್ಲಿ ಯಾಕೆ ಉಳಿಯಲಿಲ್ಲ ಎಂಬುದೇ ಈ ಪ್ರಕರಣ.

ಒಂದು ಸೀರೆಯ ಲೆಕ್ಕ

ಮೊದಲು ಸೀರೆಯೊಂದನ್ನು ಬಿಚ್ಚಿ ಎಣಿಸೋಣ. ಆ ಕಾಲದಲ್ಲಿ ಈ ಸೀಮೆಯ ಹೆಂಗಸರು ಉಡುತ್ತಿದ್ದ ಸೀರೆ ಎಂಟು–ಒಂಬತ್ತು ಗಜ ಉದ್ದದ್ದು. ಎಂಟು ಗಜ ಉದ್ದ, 45 ಅಂಗುಲ ಅಗಲ ಎಂದು ಹಿಡಿಯೋಣ. ಉದ್ದದ ಎಳೆ, ಅಂದರೆ ಹಾಸು, ಅಂಗುಲಕ್ಕೆ 48 ಇದ್ದರೆ ಅಗಲಕ್ಕೆ ಒಟ್ಟು 2,160 ಎಳೆ, ಎಂಟು ಗಜಕ್ಕೆ 17,280 ಗಜ ನೂಲು. ನೇಯುವಾಗ ಎಳೆ ಬಳುಕಿ ಮೋಟಾಗುವುದು, ತುದಿಯಲ್ಲಿ ಮಗ್ಗಕ್ಕೇ ಉಳಿಯುವುದು ಸೇರಿದರೆ 18,000 ಗಜ ದಾಟುತ್ತದೆ. ಇನ್ನು ಅಡ್ಡ ಎಳೆ, ಅಂದರೆ ಹೊಕ್ಕು: ಅಂಗುಲಕ್ಕೆ 44 ಎಳೆಯಂತೆ 288 ಅಂಗುಲಕ್ಕೆ 12,672 ಸಲ ಲಾಳಿ ಓಡಬೇಕು. ಪ್ರತಿ ಓಟಕ್ಕೆ ಒಂದೂಕಾಲು ಗಜ ನೂಲು, ಅಂದರೆ 15,840 ಗಜ. ಎರಡೂ ಕೂಡಿದರೆ ಸುಮಾರು 34,000 ಗಜ.

ನೂಲಿನ ನಂಬರು ಎಂದರೆ ಒಂದು ರತ್ತಲಿಗೆ 840 ಗಜದ ಎಷ್ಟು ಲಡಿ ಬರುತ್ತವೆ ಎಂಬ ಎಣಿಕೆ. ನಂಬರು ಏರಿದಷ್ಟೂ ನೂಲು ಸಣ್ಣ. 40ನೇ ನಂಬರಿನ ಒಂದು ರತ್ತಲಿನಲ್ಲಿ 33,600 ಗಜ. ಹಾಗಾಗಿ ಮೇಲಿನ ಸೀರೆಗೆ 40ನೇ ನಂಬರಿನ ಹೆಚ್ಚುಕಡಿಮೆ ಒಂದು ರತ್ತಲು ನೂಲು ಬೇಕು. ಸ್ಥಳೀಯ ಕೈನೂಲು ಹೆಚ್ಚಾಗಿ ಇದಕ್ಕಿಂತ ದಪ್ಪ. ಆ ನೂಲಿನ ಸೀರೆಯಲ್ಲಿ ಎಳೆ ಕಡಿಮೆ, ತೂಕ ಹೆಚ್ಚು. ಆದರೂ ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಈಗ ಹೊತ್ತಿನ ಲೆಕ್ಕ. ರಾಟೆಯಲ್ಲಿ ಪಳಗಿದ ಕೈ ತಾಸಿಗೆ 300 ಗಜ ನೂಲುತ್ತದೆ ಎಂದರೂ 34,000 ಗಜಕ್ಕೆ 113 ತಾಸು ಬೇಕು. ಬೀಜ ಬೇರ್ಪಡಿಸುವುದು, ಹಿಂಜುವುದು, ಹಂಜಿ ಮಾಡುವುದು ಇದರ ಹೊರಗೆ. ಮನೆಗೆಲಸದ ನಡುವೆ ದಿನಕ್ಕೆ ನಾಲ್ಕು ತಾಸು ರಾಟೆ ಮುಂದೆ ಕೂತರೆ ಒಂದು ಸೀರೆಯ ನೂಲಿಗೆ ನಾಲ್ಕು ವಾರ. ಅದೇ ಸೀರೆಯನ್ನು ಕುಣಿಮಗ್ಗದಲ್ಲಿ ನೇಯಲು, ಕೈಯಿಂದ ಲಾಳಿ ಎಸೆದು ನಿಮಿಷಕ್ಕೆ 20 ಹೊಕ್ಕು ಹಾಕಿದರೆ ಲಾಳಿ ಓಡುವ ಹೊತ್ತು ಹತ್ತೂವರೆ ತಾಸು. ಕಡಿದ ಎಳೆ ಕಟ್ಟುವುದು, ದಡಿಯ ಲಾಳಿ ಬದಲಿಸುವುದು, ಸೆರಗಿನ ಕೆಲಸ, ಗಂಜಿ ಹಚ್ಚುವುದರಲ್ಲಿ ಈ ಸೀರೆಯ ಪಾಲು, ಎಲ್ಲ ಸೇರಿದರೂ ಮೂರು ದಿನ. ಸೀರೆಯ ಬಹುಪಾಲು ದುಡಿಮೆ ಮಗ್ಗದಲ್ಲಿ ಇರಲಿಲ್ಲ, ರಾಟೆಯಲ್ಲಿತ್ತು. ಯಂತ್ರ ಅತಿ ಹೆಚ್ಚು ಹೊತ್ತು ಉಳಿಸಿದ್ದೂ ಅಲ್ಲಿಯೇ.

ಮೊದಲು ನಿಂತದ್ದು ರಾಟೆ

18ನೇ ಶತಮಾನದಲ್ಲಿ ನಮ್ಮ ನಾಡಿನ ಕೈನೂಲಿನವರಿಗೆ 100 ರತ್ತಲು ಹತ್ತಿಯನ್ನು ಸಣ್ಣ ನೂಲು ಮಾಡಲು 50,000 ತಾಸು ಬೇಕಿತ್ತು ಎಂಬುದು ಜವಳಿ ಇತಿಹಾಸದಲ್ಲಿ ಒಪ್ಪಿತವಾದ ಅಂದಾಜು. ಇಂಗ್ಲೆಂಡಿನ ಯಂತ್ರಗಳು ಅದನ್ನು 1795ರ ಹೊತ್ತಿಗೆ 300 ತಾಸಿಗೆ, 1825ಕ್ಕೆ 135 ತಾಸಿಗೆ ಇಳಿಸಿದವು. ಬೆಲೆ ಅದನ್ನೇ ಹಿಂಬಾಲಿಸಿತು. 40ನೇ ನಂಬರಿನ ನೂಲು ಇಂಗ್ಲೆಂಡಿನಲ್ಲಿ 1779ರಲ್ಲಿ ರತ್ತಲಿಗೆ 16 ಶಿಲಿಂಗ್ ಇತ್ತು. 1812ರಲ್ಲಿ ಎರಡೂವರೆ ಶಿಲಿಂಗ್ ಆಯಿತು, 1830ರಲ್ಲಿ ಒಂದು ಶಿಲಿಂಗ್ ಎರಡೂವರೆ ಪೆನ್ಸ್. ಇದೇ ನಂಬರಿನ ಕೈನೂಲಿಗೆ ಹಿಂದೂಸ್ತಾನದಲ್ಲಿ ಬೀಳುತ್ತಿದ್ದ ಖರ್ಚು 1812ರಲ್ಲೂ 1830ರಲ್ಲೂ ಮೂರು ಶಿಲಿಂಗ್ ಏಳು ಪೆನ್ಸ್. ಒಂದು ಕಡೆ ಬೆಲೆ ಅರ್ಧಕ್ಕೆ ಇಳಿದಾಗ ಇನ್ನೊಂದು ಕಡೆ ಕದಲಲೇ ಇಲ್ಲ. ಕದಲುವುದು ಸಾಧ್ಯವೂ ಇರಲಿಲ್ಲ, ಯಾಕೆಂದರೆ ರಾಟೆಯ ನೂಲಿನ ಬೆಲೆ ಎಂದರೆ ನೂಲುವ ಹೆಂಗಸಿನ ಹೊಟ್ಟೆಗೆ ಬೇಕಾದ ಜೋಳದ ಬೆಲೆ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ನೋಡಬೇಕು. ಗಿರಣಿ ನೂಲು ಬಂದಾಗ ನೇಕಾರ ಸೋಲಲಿಲ್ಲ. ಅವನಿಗೆ ಅದು ಆಗ ಅನುಕೂಲವೇ ಆಯಿತು. ಕೈನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು, ಹುರಿಯೂ ಸಮ ಇರುವುದಿಲ್ಲ. ಹತ್ತು ಮನೆಯ ನೂಲು ಕೂಡಿಸಿ ಹಾಸು ಮಾಡಿದರೆ ಬಿಗಿ ಎಳೆಗಳ ನಡುವೆ ಸಡಿಲ ಎಳೆ ಸೇರಿ, ಎಳೆಗಳನ್ನು ಬಾಚಣಿಗೆಯಂತೆ ಬಿಡಿಸಿಡುವ ಹಣಿಗೆಗೆ ತಿಕ್ಕಿ ಕಡಿಯುತ್ತವೆ. ಗಿರಣಿ ನೂಲಿನ ಎಳೆ ಸಮ, ಕಡಿಯುವುದು ಕಡಿಮೆ, ಬೇಕಾದ ನಂಬರು ಬೇಕಾದಷ್ಟು ಸಿಗುತ್ತದೆ. ಮಗ್ಗದಲ್ಲಿ ಎಳೆ ಕಡಿದಾಗಲೆಲ್ಲ ಲಾಳಿ ನಿಲ್ಲಿಸಬೇಕು, ತುದಿ ಹುಡುಕಬೇಕು, ಗಂಟು ಹಾಕಿ ಅದೇ ಹಣಿಗೆಯ ಸಂದಿನಲ್ಲಿ ತೂರಿಸಬೇಕು. ಹಾಸಿಗೆ ಗಿರಣಿ ನೂಲು ಹಾಕಿದ ನೇಕಾರನಿಗೆ ಸೀರೆಯೊಂದರಲ್ಲಿ ಅರ್ಧ ದಿನ ಉಳಿದರೂ ಅದು ಅವನ ಮಜೂರಿಗೇ ಸೇರಿತು. ಹೀಗೆ ಒಂದೇ ಸಾಮಾನು ನೇಕಾರನಿಗೆ ಹೊತ್ತು ಉಳಿಸುತ್ತ, ಅವನಿಗೆ ನೂಲು ಕೊಡುತ್ತಿದ್ದ ಮನೆಗಳ ಗಳಿಕೆ ಕಸಿಯಿತು.

ರಾಟೆಯ ದುಡಿಮೆ ಯಾವುದೇ ಒಂದು ಜಾತಿಯ ಕಸುಬಾಗಿರಲಿಲ್ಲ. ದೇವಾಂಗ, ಜಾಡ, ಪದ್ಮಸಾಲಿ, ಹಟಗಾರ, ಕುರುವಿನಶೆಟ್ಟಿ ಮುಂತಾದ ನೇಕಾರ ಸಮುದಾಯಗಳ ಹೊರಗೂ ಒಕ್ಕಲಿಗರ ಮನೆ, ಕೂಲಿಯವರ ಮನೆ, ಗಂಡ ಸತ್ತ ಹೆಂಗಸರ ಮನೆಗಳಲ್ಲಿ ಬಿತ್ತನೆ–ಕೊಯ್ಲು ಇಲ್ಲದ ತಿಂಗಳುಗಳಲ್ಲಿ ರಾಟೆ ತಿರುಗುತ್ತಿತ್ತು. ಸಂತೆಯ ದಿನ ನೂಲು ಒಯ್ದರೆ ಉಪ್ಪು, ಎಣ್ಣೆ, ಜೋಳ ಬರುತ್ತಿತ್ತು. ಕಸುಬೆಂದು ಹೆಸರಿಲ್ಲದ ಕಾರಣ ಆ ಗಳಿಕೆ ಹೋದದ್ದೂ ಯಾವ ದಫ್ತರದಲ್ಲೂ ಪೂರ್ತಿ ಕಾಣುವುದಿಲ್ಲ. ಈ ಸೀಮೆಯ ಅತಿ ದೊಡ್ಡ ನಷ್ಟ ಇದೇ ಎಂಬುದು ನಮ್ಮ ತೀರ್ಮಾನ. ಒಬ್ಬ ನೇಕಾರನ ಹಿಂದೆ, ದಿನಕ್ಕೆ ನಾಲ್ಕು ತಾಸಿನ ಲೆಕ್ಕದಲ್ಲಿ, ಒಂಬತ್ತರಷ್ಟು ನೂಲುವ ಕೈಗಳು ಇದ್ದವು ಎಂಬುದನ್ನು ಮೇಲಿನ ತಾಸುಗಳೇ ಹೇಳುತ್ತವೆ.

ಕುಮಟಾ ದಾರಿಯ ಚಕ್ಕಡಿಗಳು

ಧಾರವಾಡ ಸೀಮೆ 1818ರಲ್ಲಿ ಪೇಶವೆಗಳ ಕೈಯಿಂದ ಕಂಪನಿ ಸರಕಾರಕ್ಕೆ ಬಂತು. 1813ರ ಸನ್ನದಿನಿಂದ ಹಿಂದೂಸ್ತಾನದ ವ್ಯಾಪಾರ ಎಲ್ಲ ಇಂಗ್ಲಿಷ್ ವ್ಯಾಪಾರಿಗಳಿಗೂ ತೆರೆದುಕೊಂಡಿತ್ತು. ಇಂಗ್ಲೆಂಡಿನಿಂದ ಹಿಂದೂಸ್ತಾನಕ್ಕೆ ಬಂದ ಹತ್ತಿ ಬಟ್ಟೆ 1814ರಲ್ಲಿ ಹತ್ತು ಲಕ್ಷ ಗಜಕ್ಕೂ ಕಡಿಮೆ ಇದ್ದದ್ದು 1835ಕ್ಕೆ ಐದು ಕೋಟಿ ಗಜ ದಾಟಿತು. ಆದರೆ ಹಡಗಿನಿಂದ ಮುಂಬಯಿಯಲ್ಲಿ ಇಳಿದ ಥಾನು ಗದಗಿನ ಸಂತೆಗೆ ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ. ನಡುವೆ ಘಟ್ಟ ಇತ್ತು. ಲಂಬಾಣಿಗರ ಹೇರೆತ್ತುಗಳ ಮೇಲೆ ಬರುವ ಸಾಮಾನಿಗೆ ಸಾಗಣೆ ದುಬಾರಿ, ಮಳೆಗಾಲದಲ್ಲಿ ದಾರಿಯೇ ಬಂದ್. ಅಗ್ಗದ ದಪ್ಪ ಬಟ್ಟೆಗೆ ಈ ದೂರವೇ ಕಾವಲು. ಭಾರ ಹೆಚ್ಚು, ಬೆಲೆ ಕಡಿಮೆ ಇರುವ ಸಾಮಾನು ಸಾಗಣೆ ಖರ್ಚನ್ನು ತಾಳುವುದಿಲ್ಲ. ನೂಲು ಮತ್ತು ಸಣ್ಣ ಬಟ್ಟೆ ತಾಳುತ್ತವೆ. ಹಾಗಾಗಿ ಮೊದಲು ಘಟ್ಟ ಹತ್ತಿ ಬಂದದ್ದು ನೂಲು, ಮಲ್ಲು ಮುಂತಾದ ಸಣ್ಣ ಬಟ್ಟೆ.

ಆ ಕಾವಲನ್ನು ಸಡಿಲಿಸಿದ್ದು ನಮ್ಮದೇ ಹತ್ತಿ. 1840ರ ದಶಕದಲ್ಲಿ ಸರಕಾರ ಅಮೆರಿಕದ ತೋಟಗಾರನೊಬ್ಬನನ್ನು ಕರೆಸಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು. ಮುಂದೆ ಅದು ಧಾರವಾಡ–ಅಮೆರಿಕನ್ ಹತ್ತಿ ಎಂದು ಹೆಸರಾಯಿತು. ಊರ ಜವಾರಿ ಹತ್ತಿಗೆ ಲಿವರ್‌ಪೂಲಿನ ಪೇಟೆಯಲ್ಲಿ ಕುಮಟಾ ಎಂದೇ ಹೆಸರು, ಹಡಗು ಹತ್ತುತ್ತಿದ್ದ ಬಂದರಿನಿಂದ ಬಂದ ಹೆಸರು. ಹತ್ತಿ ಸಾಗಿಸಲು ಘಟ್ಟದ ದಾರಿ ಚಕ್ಕಡಿ ಹೋಗುವಷ್ಟು ಹದವಾಯಿತು. ಹತ್ತಿಯ ಅಂಡಿಗೆ ಹೇರಿಕೊಂಡು ಕುಮಟೆಗೆ ಇಳಿದ ಚಕ್ಕಡಿ ಖಾಲಿ ಬರಬಾರದಲ್ಲ. ಉಪ್ಪು, ತೆಂಗಿನಕಾಯಿಯ ಜೊತೆ ನೂಲಿನ ಗಂಟು, ಬಟ್ಟೆಯ ಥಾನು ಹೇರಿಕೊಂಡು ಬಂದರೆ ಸಿಕ್ಕಷ್ಟು ಬಾಡಿಗೆ ಲಾಭ. ಹತ್ತಿಯ ಪಯಣ ಚಕ್ಕಡಿಯ ಖರ್ಚನ್ನು ಆಗಲೇ ಹೊತ್ತುಬಿಟ್ಟಿತ್ತು. ಮರುಪಯಣದ ಬಟ್ಟೆ ಅಗ್ಗದಲ್ಲಿ ಘಟ್ಟ ಹತ್ತಿತು.

ತೆರಿಗೆಯೂ ಆ ಕಡೆಗೇ ವಾಲಿತ್ತು. ಮುಂಬಯಿ ಪ್ರಾಂತದಲ್ಲಿ ಮಗ್ಗದ ಮೇಲೆ, ಕಸುಬಿನ ಮೇಲೆ ಮೊಹತರ್ಫಾ ಎಂಬ ತೆರಿಗೆ 1844ರವರೆಗೂ ಇತ್ತು. ವಿಲಾಯತಿ ಬಟ್ಟೆಗೆ ಬಂದರಿನಲ್ಲಿ ಕಟ್ಟುತ್ತಿದ್ದದ್ದು ಕೆಲವೇ ಟಕ್ಕೆ, ಅಂದರೆ ನೂರಕ್ಕೆ ಕೆಲವೇ ರೂಪಾಯಿ ಸುಂಕ. ಮುಂದೆ 1882ರಲ್ಲಿ ಅದನ್ನೂ ಪೂರ್ತಿ ತೆಗೆದುಹಾಕಿದರು.

1861ರಿಂದ 1865ರ ಅಮೆರಿಕದ ಅಂತರ್ಯುದ್ಧ ಈ ಕಥೆಯನ್ನು ತಾತ್ಕಾಲಿಕವಾಗಿ ತಿರುಗಿಸಿತು. ಅಮೆರಿಕದ ಹತ್ತಿ ನಿಂತು ಲಿವರ್‌ಪೂಲಿನಲ್ಲಿ ಬೆಲೆ ಹಲವು ಪಟ್ಟು ಏರಿತು. ಧಾರವಾಡದ ಒಕ್ಕಲಿಗರ ಕೈಯಲ್ಲಿ ಹಿಂದೆಂದೂ ಕಾಣದಷ್ಟು ರೊಕ್ಕ ಬಂತು. ವಿಲಾಯತಿ ಬಟ್ಟೆಯ ಆಮದು ಇಳಿಯಿತು. ನೇಕಾರನಿಗೆ ಇದು ಒಳ್ಳೆಯ ಕಾಲವಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ನೂಲೂ ಅಷ್ಟೇ ದುಬಾರಿ, ಮನೆ ಬಾಗಿಲಿನ ಹತ್ತಿಯೂ ಕುಮಟೆಗೆ ಹೋಗುತ್ತಿತ್ತು. ಅಷ್ಟರಲ್ಲಿ ನೂಲುವವರು ಕೈಬಿಟ್ಟಿದ್ದ ಮನೆಗಳಲ್ಲಿ ರಾಟೆ ಮತ್ತೆ ಹೂಡಲು ಅಗ್ಗದ ಹತ್ತಿ ಇರಲಿಲ್ಲ. ಯುದ್ಧ ಮುಗಿದು ಹತ್ತಿ ಬೆಲೆ ಕುಸಿದಾಗ ವಿಲಾಯತಿ ಬಟ್ಟೆ ಮತ್ತೆ ಬಂತು. ಈ ಸಲ ದಾರಿ ತಯಾರಿತ್ತು, ಅಂಗಡಿಕಾರನ ಪರಿಚಯವೂ ಇತ್ತು.

ಧೋತರದ ಪೇಟೆ

ಎರಡನೆಯ ಸರದಿ ಸಾದಾ ಬಟ್ಟೆಯದು: ಬಿಳಿ ಧೋತರ, ಅಂಗಿಯ ಬಟ್ಟೆ, ರುಮಾಲಿನ ಸಣ್ಣ ಬಟ್ಟೆ. ಇದರಲ್ಲಿ ಬಣ್ಣ ಬದಲಿಸುವುದಿಲ್ಲ, ಹೊಕ್ಕಿಗೆ ಒಂದೇ ಲಾಳಿ, ಹಾಸು ಎಷ್ಟು ಉದ್ದವಾದರೂ ಒಂದೇ ತರಹ. ಯಂತ್ರಕ್ಕೆ ಹೇಳಿ ಮಾಡಿಸಿದ ಕೆಲಸ. ಲ್ಯಾಂಕಶೈರಿನ ಒಬ್ಬ ನೇಕಾರ ನಾಲ್ಕು ಯಂತ್ರಮಗ್ಗ ನೋಡಿಕೊಳ್ಳುತ್ತಿದ್ದ, ಪ್ರತಿಯೊಂದೂ ನಿಮಿಷಕ್ಕೆ 200ರ ಆಸುಪಾಸು ಹೊಕ್ಕು ಹಾಕುತ್ತಿತ್ತು. ನಿಲುಗಡೆ ಕಳೆದರೂ ಕುಣಿಮಗ್ಗದವನಿಗಿಂತ ಮೂವತ್ತು ಪಟ್ಟು ಹತ್ತಿರ ಹುಟ್ಟುವಳಿ. ಇದನ್ನು ಮಜೂರಿ ಕಡಿಮೆ ಮಾಡಿಕೊಂಡು ಎದುರಿಸುವುದು ಆಗದ ಮಾತು.

ಆದರೂ ಒಕ್ಕಲಿಗ ಹೊಲಕ್ಕೆ ಉಡುವ ದಪ್ಪ ಬಟ್ಟೆಯ ಪೇಟೆಯನ್ನು ಲ್ಯಾಂಕಶೈರ್ ಸುಲಭವಾಗಿ ಗೆಲ್ಲಲಿಲ್ಲ. ಅದರ ಕಾರಣ ಗಂಜಿಯಲ್ಲಿದೆ. ಕುಣಿಮಗ್ಗದ ಹಾಸಿಗೆ ಹಚ್ಚುವ ಗಂಜಿ ಧಾನ್ಯದ ಹಿಟ್ಟಿನದು. ಬೆಳಗಿನ ತಂಪಿನಲ್ಲಿ ಓಣಿಯುದ್ದಕ್ಕೆ ಹಾಸು ಬಿಗಿದು, ಕುಂಚದಿಂದ ತೀಡಿ ತೀಡಿ ಹಚ್ಚುತ್ತಾರೆ. ಎಳೆಗೆ ಬಲ ಕೊಡುವುದು ಅದರ ಕೆಲಸ, ತೂಕ ಕೊಡುವುದಲ್ಲ. ಅಮೆರಿಕದ ಹತ್ತಿ ಸಿಗದ ಕಾಲದಲ್ಲಿ ಲ್ಯಾಂಕಶೈರಿನ ಗಿರಣಿಗಳು ನೂಲು ಉಳಿಸಲು ಗಂಜಿಯಲ್ಲಿ ಬಿಳಿ ಜೇಡಿಮಣ್ಣು ತುಂಬುವುದನ್ನು ಬಹಳ ಹೆಚ್ಚಿಸಿದವು. ಥಾನು ಅಂಗಡಿಯಲ್ಲಿ ಭಾರವಾಗಿ, ದಟ್ಟವಾಗಿ ಕಾಣುತ್ತದೆ. ಎರಡು ಸಲ ಒಗೆದರೆ ಮಣ್ಣು ನೀರಿಗೆ ಹೋಗಿ ಬಟ್ಟೆ ಬಲೆಯಾಗುತ್ತದೆ. ಮಳೆಗಾಲದ ಹಡಗಿನಲ್ಲಿ ಅಂಥ ಗಂಜಿ ಬೂಸು ಹಿಡಿದು ಬಟ್ಟೆ ಕಲೆಯಾದ ತಕರಾರುಗಳೂ ಬಹಳ. ಪರೀಕ್ಷೆ ಸುಲಭ: ಬಟ್ಟೆಯ ಮಡಿಕೆಯನ್ನು ಎರಡೂ ಕೈಯಿಂದ ಉಜ್ಜಿದರೆ ಬಿಳಿ ಪುಡಿ ಉದುರುತ್ತದೆ, ಬೆಳಕಿಗೆ ಹಿಡಿದರೆ ಉಜ್ಜಿದ ಜಾಗ ಜಾಲಂದ್ರದಂತೆ ಕಾಣುತ್ತದೆ. ಗಜದ ಬೆಲೆಗಿಂತ ಎಷ್ಟು ತಿಂಗಳು ಬಾಳುತ್ತದೆ ಎಂದು ಲೆಕ್ಕ ಹಾಕುವ ರೈತನಿಗೆ ಕೈಮಗ್ಗದ ದಪ್ಪ ಬಟ್ಟೆಯೇ ಅಗ್ಗ.

ಹಾಗಿದ್ದರೆ ಆ ಪೇಟೆ ಹೋದದ್ದು ಹೇಗೆ? ಎರಡು ಪೆಟ್ಟು ಒಂದರ ಹಿಂದೆ ಒಂದು ಬಿದ್ದವು. 1876ರಿಂದ 1878ರ ಬರದಲ್ಲಿ ಜೋಳದ ಬೆಲೆ ಏರಿದಾಗ ಮನೆಯವರು ಮೊದಲು ನಿಲ್ಲಿಸಿದ್ದು ಬಟ್ಟೆ ಕೊಳ್ಳುವುದನ್ನು. ರೈತನಿಗೆ ಮಳೆ ಬಂದರೆ ಬೆಳೆ ಇದೆ. ನೇಕಾರನಿಗೆ ಬರದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ: ಅವನು ಜೋಳ ಕೊಳ್ಳುವವನು, ಬಟ್ಟೆ ಮಾರುವವನು. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಹಣಿಗೆ, ಲಾಳಿ, ಕೊನೆಗೆ ಮಗ್ಗದ ಕಂಬ ಮಾರಿ ಕೂಲಿಗೆ ಹೋದವರು ಮರಳಿ ಬಂದಾಗ ಮತ್ತೆ ಮಗ್ಗ ಹೂಡಲು ಸಾಲ ಬೇಕಾಯಿತು.

ಎರಡನೆಯ ಪೆಟ್ಟು ರೇಲ್ವೆ. ಬರದ ನಂತರ ಧಾನ್ಯ ಸಾಗಿಸಲೆಂದೂ ಸೇರಿ ಯೋಜಿಸಿದ ಸದರ್ನ್ ಮರಾಠಾ ರೇಲ್ವೆ 1884ರಲ್ಲಿ ಗದಗ ಮುಟ್ಟಿತು. 1880ರ ದಶಕದ ಕೊನೆಗೆ ಹುಬ್ಬಳ್ಳಿ ಜಂಕ್ಷನ್ ಆಗಿ, ಗೋವೆಯ ಮುರಗಾಂವ ಬಂದರಿಗೂ ದಾರಿ ಸಿಕ್ಕಿತು. ಭಾರದ ಅಗ್ಗದ ಬಟ್ಟೆಯನ್ನು ಅಲ್ಲಿವರೆಗೆ ತಡೆದಿದ್ದ ದೂರದ ಕಾವಲು ಹೋಯಿತು. ಈ ಸಲ ರೈಲಿನಲ್ಲಿ ಬಂದದ್ದು ಮುಖ್ಯವಾಗಿ ಲ್ಯಾಂಕಶೈರ್ ಅಲ್ಲ, ಮುಂಬಯಿ. ಮುಂಬಯಿಯ ಗಿರಣಿಗಳು 1850ರ ದಶಕದಿಂದ ಬೆಳೆದು 20ನೇ ನಂಬರಿನೊಳಗಿನ ದಪ್ಪ ನೂಲು ತೆಗೆಯುತ್ತಿದ್ದವು, ಅದರಲ್ಲಿ ಬಹಳಷ್ಟು ಚೀನಾಕ್ಕೆ ಹೋಗುತ್ತಿತ್ತು. ಜಪಾನಿನ ನೂಲು ಆ ಪೇಟೆ ಕಸಿದುಕೊಂಡಾಗ ಮುಂಬಯಿ ಒಳನಾಡಿನ ಕಡೆ ತಿರುಗಿತು, ನೂಲು ಮಾರುವ ಜೊತೆಗೆ ತಾನೇ ದಪ್ಪ ಬಟ್ಟೆ ನೇಯತೊಡಗಿತು. ಜೇಡಿಮಣ್ಣು ಕಡಿಮೆ, ಬಾಳಿಕೆ ಹೆಚ್ಚು. ಹುಬ್ಬಳ್ಳಿಯಲ್ಲೂ ಗಿರಣಿ ಎದ್ದಿತು. ಲ್ಯಾಂಕಶೈರಿಗೆ ದಕ್ಕದ ಹೊಲದ ಧೋತರವನ್ನು ದೇಶದ ಗಿರಣಿಯೇ ತೆಗೆದುಕೊಂಡಿತು. ವಿಲಾಯತಿ ಬಟ್ಟೆಯನ್ನು ಮಾತ್ರ ಬೈದು ಈ ಭಾಗವನ್ನು ಬಿಟ್ಟರೆ ಹಳ್ಳಿಯ ಮಗ್ಗಗಳು ಯಾಕೆ 1890ರ ನಂತರವೇ ಹೆಚ್ಚು ನಿಂತವು ಎಂಬುದು ತಿಳಿಯುವುದೇ ಇಲ್ಲ.

ಬಣ್ಣದ್ದು ಚಿಕ್ಕ ಕಥೆ, ಆದರೆ ಬಿಡುವಂತಿಲ್ಲ. ಬೇರಿನ ಕೆಂಪು ಹಚ್ಚಲು ಎಣ್ಣೆ, ಚೌಳು, ಪಟಿಕ, ಬಿಸಿಲು ಸೇರಿ ವಾರಗಟ್ಟಲೆ ಕೆಲಸ. 1869ರಲ್ಲಿ ಪೇಟೆಂಟ್ ಆದ ಕೃತಕ ಅಲಿಝರಿನ್ ಅದನ್ನು ಡಬ್ಬಿಯೊಳಗಿನ ಸಾಮಾನು ಮಾಡಿತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂದಾಗ ನೀಲಗಾರರ ಹರವಿಗಳೂ ಒಣಗತೊಡಗಿದವು. ನೇಕಾರ ಬಣ್ಣ ಹಾಕಿದ ನೂಲನ್ನೇ ಅಂಗಡಿಯಿಂದ ತರತೊಡಗಿದ.

ಸೀರೆ ಯಾಕೆ ಉಳಿಯಿತು

ಬೆಟಗೇರಿಯ ನೇಕಾರರು ಸೀರೆಯನ್ನು ಹಿಡಿದುಕೊಂಡದ್ದು ಅಭಿಮಾನದಿಂದ ಮಾತ್ರವಲ್ಲ. ಸೀರೆಯ ಕಟ್ಟಡವೇ ಯಂತ್ರಕ್ಕೆ ಒಗ್ಗದ್ದು. ಮೈ ಒಂದು ಬಣ್ಣ, ಎರಡೂ ದಡಿ ಇನ್ನೊಂದು ಬಣ್ಣ. ದಡಿಯ ಬಣ್ಣ ಮಾಸದಂತೆ ಗಟ್ಟಿಯಾಗಿ ಕಾಣಬೇಕಾದರೆ ದಡಿಯಲ್ಲಿ ಹಾಸೂ ಹೊಕ್ಕೂ ಒಂದೇ ಬಣ್ಣದ್ದಿರಬೇಕು. ಆಗ ಒಂದು ಸಾಲಿಗೆ ಮೂರು ಲಾಳಿ: ಎಡ ದಡಿಗೆ ಒಂದು, ಮೈಗೆ ಒಂದು, ಬಲ ದಡಿಗೆ ಒಂದು. ದಡಿ–ಮೈ ಕೂಡುವಲ್ಲಿ ಎರಡೂ ಹೊಕ್ಕಿನ ಎಳೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಲಿ ಸೀಳು ಬಿಡುತ್ತದೆ. ಒಂದೇ ಲಾಳಿಯನ್ನು ಈ ತುದಿಯಿಂದ ಆ ತುದಿಗೆ ಹೊಡೆಯುವ ಯಂತ್ರಮಗ್ಗಕ್ಕೆ ಇದು ಆಗದು. ಇನ್ನು ಸೆರಗು ಎಂಟು ಗಜಕ್ಕೊಮ್ಮೆ ಬದಲಾಗುತ್ತದೆ. ಗಿರಣಿಯ ಹಾಸು ನೂರಾರು ಗಜ ಒಂದೇ ತರಹ ಓಡಿದರೇ ಲಾಭ. ಇದರ ಮೇಲೆ ಜಾತಿಗೊಂದು, ಊರಿಗೊಂದು, ಮದುವೆಗೊಂದು ಎಂದು ಬೇರೆ ಬೇರೆ ಬಣ್ಣ–ದಡಿ ಬೇಡುವ ಗಿರಾಕಿಗಳು. ಬೆಟಗೇರಿಯವರು ಐದಾರು ಸೀರೆಯ ಹಾಸು ಹೂಡಿ ಮುಗಿಸಿ, ಮುಂದಿನ ಹಾಸಿನ ಎಳೆಗಳನ್ನು ಹಳೆಯ ತುದಿಗೆ ಕೂಡಿಸಿ, ಅಂದರೆ ಕೆಚ್ಚಿ, ಬಣ್ಣ ಬದಲಿಸಬಲ್ಲವರಾಗಿದ್ದರು. ನಿಜಾಮ ಸೀಮೆಯ ಹಳ್ಳಿಗಳು ಗದಗಿನಿಂದ ದೂರವಿರಲಿಲ್ಲ. ರೈಲು ಧೋತರದ ಪೇಟೆ ಕಸಿದರೂ ಸೀರೆಗೆ ದೂರದ ಗಿರಾಕಿಯನ್ನು ತಂದುಕೊಟ್ಟಿತು.

ಆದರೆ ಈ ಆಸರೆಯಲ್ಲೇ ಒಂದು ತೊಡಕಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಹಗ್ಗ ಎಳೆದರೆ ತಾನೇ ಓಡುವ ಲಾಳಿಯ ಮಗ್ಗವನ್ನು ಸರಕಾರವೂ ಸಂಸ್ಥೆಗಳೂ ತಂದು ತೋರಿಸಿದವು. ಸಾದಾ ಬಟ್ಟೆಯಲ್ಲಿ ಅದು ಹುಟ್ಟುವಳಿಯನ್ನು ಎರಡು ಪಟ್ಟು ಮಾಡುತ್ತದೆ. ಸಾದಾ ಬಟ್ಟೆಯ ಪೇಟೆ ಆಗಲೇ ಗಿರಣಿಯ ಪಾಲಾಗಿತ್ತು. ಪೇಟೆ ಉಳಿದಿದ್ದ ಮೂರು ಲಾಳಿಯ ಸೀರೆಯಲ್ಲಿ ಓಡುವ ಲಾಳಿ ನಡೆಯುವುದಿಲ್ಲ. ಯಂತ್ರದಿಂದ ಸೀರೆಯನ್ನು ಕಾಪಾಡಿದ ಗುಣವೇ ನೇಕಾರನ ವೇಗವನ್ನೂ ಕಟ್ಟಿಹಾಕಿತು. ಹೊಸ ಮಗ್ಗಕ್ಕೆ ಹೋದವರು ದಡಿಯ ಕಟ್ಟಡ ಸಡಿಲಿಸಿ, ಹೊಕ್ಕು ಪೂರ್ತಿ ಒಂದೇ ಬಣ್ಣ ಮಾಡಿದರು. ಅಂಥ ಸೀರೆಯನ್ನು ಗುರುತಿಸುವುದು ಸುಲಭ: ದಡಿಯಲ್ಲಿ ಮೈಯ ಬಣ್ಣದ ಹೊಕ್ಕು ಇಣುಕಿ ದಡಿ ಮಬ್ಬಾಗುತ್ತದೆ. ಗಿರಣಿ ನಕಲು ಮಾಡಲು ಆಗುವಂಥ ಸೀರೆಯೂ ಅದೇ.

ನೂಲಿನ ಸಾಲ

ಸೀರೆ ಉಳಿದರೂ ಪೇಟೆ ಕೈತಪ್ಪಿದ ಬಗೆ ಇಲ್ಲಿಂದ ಶುರುವಾಗುತ್ತದೆ. ಕೈನೂಲಿನ ಕಾಲದಲ್ಲಿ ನೇಕಾರ ಸಂತೆಯಲ್ಲಿ ನಾಲ್ಕು ಮನೆಯ ನೂಲನ್ನು ಚಿಲ್ಲರೆಯಾಗಿ ಕೊಳ್ಳುತ್ತಿದ್ದ, ಕೆಲವೊಮ್ಮೆ ಬಟ್ಟೆಯನ್ನೇ ಕೊಟ್ಟು. ಗಿರಣಿ ನೂಲು ಕಟ್ಟಿನಲ್ಲಿ ಬರುತ್ತದೆ, ಮುಂಬಯಿಯಿಂದ ಬರುತ್ತದೆ, ರೊಕ್ಕ ಬೇಕು. ಆ ರೊಕ್ಕ ಇದ್ದದ್ದು ನೂಲಿನ ಸಾವಕಾರನ ಹತ್ತಿರ. ಅವನು ನೂಲು ಉದ್ರಿ ಕೊಟ್ಟ, ಪ್ರತಿಯಾಗಿ ಸೀರೆಯನ್ನು ತನಗೇ ಕೊಡಬೇಕು ಎಂದ. ಈಗ ಒಬ್ಬನೇ ಮನುಷ್ಯ ಎರಡೂ ಬೆಲೆ ಹೇಳುತ್ತಾನೆ, ನೂಲಿನದನ್ನೂ ಸೀರೆಯದನ್ನೂ. ಬಾಕಿ ಬೆಳೆದಂತೆ ನೇಕಾರ ಬೇರೆಯವರಿಗೆ ಮಾರುವ ಹಕ್ಕನ್ನು ಕಳೆದುಕೊಂಡ. ಕೊನೆಗೆ ಉದ್ರಿಯ ಮಾತೂ ಹೋಗಿ, ನೂಲು ಸಾವಕಾರನದು, ಸೀರೆ ಸಾವಕಾರನದು, ನೇಕಾರನಿಗೆ ಸೀರೆಗೆ ಇಷ್ಟು ಮಜೂರಿ ಎಂದಾಯಿತು.

ಇದರ ಅಪಾಯ ಬೆಲೆ ಏರಿದಾಗ ಗೊತ್ತಾಗುತ್ತದೆ. ತಿಳಿಯಲೆಂದು ಒಂದು ಲೆಕ್ಕ ಹಿಡಿಯೋಣ. ಸೀರೆಯ ಬೆಲೆ 100 ಇದ್ದರೆ ನೂಲು–ಬಣ್ಣ 60, ಉಳಿದ 40ರಲ್ಲಿ ನೇಕಾರ, ಕಂಡಿಕೆ ಸುತ್ತುವ ಹೆಂಡತಿ, ಲಾಳಿ ಕೊಡುವ ಹುಡುಗ ಮೂವರ ಊಟ. ನೂಲು–ಬಣ್ಣ ಕಾಲುಪಾಲು ಏರಿತು, 75 ಆಯಿತು. ಸೀರೆ ಬೆಲೆ ಏರಲಿಲ್ಲ, ಯಾಕೆಂದರೆ ಬರ ಇದೆ ಅಥವಾ ಗಿರಾಕಿ ಗಿರಣಿಯ ಛಾಪು ಸೀರೆ ನೋಡುತ್ತಿದ್ದಾನೆ. ಮನೆಗೆ ಉಳಿಯುವುದು 25. ನೂಲು ಏರಿದ್ದು ನೂರಕ್ಕೆ 25, ಮನೆಯ ಗಳಿಕೆ ಇಳಿದದ್ದು ನೂರಕ್ಕೆ 37ಕ್ಕಿಂತ ಹೆಚ್ಚು.

1914ರ ಮಹಾಯುದ್ಧದಲ್ಲಿ ಆದದ್ದು ಇದೇ ತರಹ. ವಿಲಾಯತಿ ಬಟ್ಟೆ ಕಡಿಮೆ ಬಂದದ್ದರಿಂದ ಗಿರಣಿಗಳಿಗೆ ಸುಗ್ಗಿಯಾಯಿತು, ನೂಲಿನ ಬೆಲೆ ಚಿಮ್ಮಿತು, ಜರ್ಮನ್ ಬಣ್ಣ ನಿಂತೇಹೋಯಿತು. ಪೈಪೋಟಿಯ ಬಟ್ಟೆ ಇಲ್ಲದಿದ್ದರೂ ನೇಕಾರನ ಮಜೂರಿ ಇಳಿಯಿತು. ಅಮೆರಿಕದ ಯುದ್ಧದಲ್ಲಿ ಕಂಡದ್ದೇ ಐವತ್ತು ವರ್ಷದ ನಂತರ ಮತ್ತೆ ಬಂತು. ಸುಂಕದ ನೀತಿಯಲ್ಲೂ ಇದೇ ಗಂಟು ಇದೆ. 1896ರ ಕಾಯಿದೆಯಲ್ಲಿ ಆಮದು ಬಟ್ಟೆಗೂ ದೇಶದ ಗಿರಣಿ ಬಟ್ಟೆಗೂ ಮೂರೂವರೆ ಟಕ್ಕೆ ಹಾಕಿ ನೂಲನ್ನು ಬಿಟ್ಟಿದ್ದರು. ಕೈಮಗ್ಗಕ್ಕೆ ಅದು ಸಣ್ಣ ಆಸರೆ. 1922ರಲ್ಲಿ ಆಮದು ನೂಲಿಗೆ ಐದು ಟಕ್ಕೆ ಬಿತ್ತು, 1926ರಲ್ಲಿ ಗಿರಣಿ ಬಟ್ಟೆಯ ಅಬಕಾರಿ ಸುಂಕ ತೆಗೆದರು. ದೇಶದ ಗಿರಣಿಗೆ ಅನುಕೂಲವಾದ ಈ ಎರಡೂ ಕ್ರಮಗಳ ಭಾರ ಸಣ್ಣ ನೂಲಿನ ಸೀರೆ ನೇಯುವವನ ಮೇಲೆ ಬಿತ್ತು, ಯಾಕೆಂದರೆ ಸಣ್ಣ ನಂಬರು ಇನ್ನೂ ಹೊರಗಿನಿಂದಲೇ ಬರುತ್ತಿತ್ತು.

ಸಾವಕಾರನ ಸಾಲಕ್ಕೆ ಎದುರಾಗಿ ಸಹಕಾರ ಸಂಘ ಎಂಬ ದಾರಿ ಇದೇ ಗದಗ ಸೀಮೆಯಲ್ಲಿ ಬೇಗ ತೆರೆಯಿತು. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿತು. ಆದರೆ ಅದು ಬೆಳೆ ಸಾಲದ ಸಂಘ. ಬೆಳೆಯ ಸಾಲ ವರ್ಷಕ್ಕೊಮ್ಮೆ ಕೊಟ್ಟು ಸುಗ್ಗಿಗೆ ವಸೂಲು ಮಾಡಬಹುದು. ನೇಕಾರನಿಗೆ ಹದಿನೈದು ದಿನಕ್ಕೊಮ್ಮೆ ನೂಲು ಬೇಕು, ಅದರ ಜೊತೆಗೆ ಮಾರಾಟವಾಗದ ಸೀರೆಯನ್ನು ಮದುವೆ ಸುಗ್ಗಿಯವರೆಗೆ ಹಿಡಿದಿಡುವವರು ಬೇಕು. ನೂಲು ಮಾತ್ರ ಕೊಟ್ಟು ಸೀರೆ ಕೊಳ್ಳದ ಸಂಘದ ಸದಸ್ಯ ಮಳೆಗಾಲದಲ್ಲಿ ಮತ್ತೆ ಸಾವಕಾರನ ಕಟ್ಟೆಗೆ ಹೋಗಲೇಬೇಕಾಗುತ್ತದೆ.

1930ರ ದಶಕದಲ್ಲಿ ಜೋಳ–ಹತ್ತಿಯ ಬೆಲೆ ಕುಸಿದು ರೈತರ ಕೈ ಬರಿದಾಯಿತು. ಅದೇ ಹೊತ್ತಿಗೆ ಮುಂಬಯಿ–ಅಹಮದಾಬಾದಿನ ಗಿರಣಿಗಳು ಬಣ್ಣದ ನೂಲಿನ ದಡಿ ಕೂಡಿಸಿ ಸೀರೆ ನೇಯಲು ಕಲಿತವು, ಜಪಾನಿನ ಕೃತಕ ರೇಷ್ಮೆಯ ಹೊಳಪು ಸೆರಗಿಗೆ ಬಂತು. ಮೂರು ಲಾಳಿಯ ಗಟ್ಟಿ ದಡಿ ಈಗಲೂ ಗಿರಣಿಗೆ ಬರುತ್ತಿರಲಿಲ್ಲ. ಆದರೆ ಎರಡು ಮಾರು ದೂರದಿಂದ ಹಾಗೆ ಕಾಣುವ ಸೀರೆ ಅರ್ಧ ಬೆಲೆಗೆ ಸಿಕ್ಕರೆ ದಿನದ ಉಡುಗೆಗೆ ಅದು ಸಾಕು ಎಂದರು ಗಿರಾಕಿಗಳು. ಕೈಮಗ್ಗದ್ದು ಮದುವೆಗೆ, ಹಬ್ಬಕ್ಕೆ ಸರಿಯಿತು. ವರ್ಷವಿಡೀ ಇದ್ದ ಪೇಟೆ ನಾಲ್ಕೈದು ತಿಂಗಳಿನದಾಯಿತು.

ಈ ಕಾಲವನ್ನು ಓದುವವರು ಮಗ್ಗಗಳ ಸಂಖ್ಯೆಯನ್ನು ನಂಬಿ ಮೋಸ ಹೋಗಬಾರದು. ಮಗ್ಗ ಎಣಿಸುವ ಅಧಿಕಾರಿಗೆ ಕುಣಿ ಇದೆ, ಕಂಬ ಇದೆ, ಹಣಿಗೆ ಇದೆ, ಆದ್ದರಿಂದ ಒಂದು ಮಗ್ಗ. ಅದಕ್ಕೆ ಹಾಸು ಯಾರು ಕೊಟ್ಟರು, ವರ್ಷಕ್ಕೆ ಎಷ್ಟು ತಿಂಗಳು ಹಾಸು ಇರುತ್ತದೆ ಎಂಬುದು ಆ ಎಣಿಕೆಯಲ್ಲಿ ಬರುವುದಿಲ್ಲ. ಕುಣಿಯ ಅಂಚಿನಲ್ಲಿ ಧೂಳು ಕೂತಿದೆಯೇ, ಹಳೆಯ ಹಾಸಿನ ತುದಿಗಳನ್ನು ಹೊಸದಕ್ಕೆ ಕೆಚ್ಚಲೆಂದು ಹಣಿಗೆಯಲ್ಲೇ ಬಿಟ್ಟಿದ್ದಾರೆಯೇ, ಆ ತುದಿಗಳ ಗಂಜಿ ಎಷ್ಟು ಒಣಗಿ ಬಿರುಕು ಬಿಟ್ಟಿದೆ ಎಂದು ನೋಡಿದರೆ, ಸಾವಕಾರ ಕೊನೆಯ ಸಲ ನೂಲು ಕಳಿಸಿ ಎಷ್ಟು ದಿನವಾಯಿತು ಎಂಬುದು ತಿಳಿಯುತ್ತದೆ.